ನೂರು ಪರ್ಸೆಂಟ್ ಅಂದಮೇಲೂ ರೀಡರ್ ಕೀಳಬೇಡಿ: ನನ್ನ ಅನುಭವ

ಲ್ಯಾಪ್‌ಟಾಪ್ ಹೊರುವುದನ್ನು ಬಿಟ್ಟು ಆಂಡ್ರಾಯ್ಡ್ ಫೋನು, ಕಾರ್ಡ್ ರೀಡರ್ ಎರಡರಲ್ಲೇ ಫೋಟೋ, ವಿಡಿಯೋ ಎಲ್ಲ ಸಾಗಿಸ್ತೀನಿ ಅಂದಾಗ ಜೊತೆಯ ಕ್ಯಾಮೆರಾದವರು ನಕ್ಕಿದ್ದರು. "ಒಂದಲ್ಲ ಒಂದು ದಿನ ಕೈ ಕೊಡುತ್ತೆ ನೋಡ್ತಿರು" ಅಂದಿದ್ದರು. ಕೊಟ್ಟಿದ್ದೂ ನಿಜ, ಎರಡು ಸಲ. ಆದರೆ ಆಮೇಲೆ ಎರಡೂವರೆ ವರ್ಷದಲ್ಲಿ ಹೆಚ್ಚುಕಡಿಮೆ 300 ಸಲ ಸಾಗಿಸಿದ್ದೇನೆ, ಒಂದು ಫೈಲೂ ಕೆಟ್ಟಿಲ್ಲ. ನಕ್ಕವರಲ್ಲಿ ಇಬ್ಬರು ಈಗ ನನ್ನ ರೀಡರ್ ಎರವಲು ಕೇಳ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಪೆಟ್ಟು ಬಿದ್ದಿದ್ದು ಮೊದಲನೇ ಸಲ. ಒಂದು ಸಮಾರಂಭದ ವಿಡಿಯೋಗಳನ್ನು ಫೋನಿನಲ್ಲೇ ತೆಗೆದಿದ್ದೆ, ಒಟ್ಟು ಸುಮಾರು 18 ಜಿಬಿ. ಫೋನಿನಲ್ಲಿ ಜಾಗ ಇರಲಿಲ್ಲ. 64 ಜಿಬಿ ಕಾರ್ಡನ್ನು ರೀಡರಿಗೆ ಹಾಕಿ, ಎಲ್ಲವನ್ನೂ ಆಯ್ದು, 'ಮೂವ್' ಕೊಟ್ಟೆ. ಇಪ್ಪತ್ತು ನಿಮಿಷದ ಮೇಲಾಯಿತು. ಪಟ್ಟಿ ತುಂಬಿ ನೂರು ತೋರಿಸಿತು. ಕೊನೆಯ ವಿಡಿಯೋ ಒಂದನ್ನು ಕಾರ್ಡಿನಿಂದಲೇ ತೆರೆದು ನೋಡಿದೆ, ಚೆನ್ನಾಗಿ ಓಡಿತು. ಸರಿ ಅಂತ ರೀಡರ್ ಎಳೆದೆ, ಕಾರ್ಡನ್ನು ಜೇಬಿಗೆ ಹಾಕಿದೆ.

ರಾತ್ರಿ ಕಾರ್ಡು ತೆರೆದರೆ ಫೋಲ್ಡರೂ ಇದೆ, ಹೆಸರುಗಳೂ ಇವೆ. ಆದರೆ ಕಡೆಯ ನಾಲ್ಕು ವಿಡಿಯೋಗಳ ಮುಂದೆ 0 ಬಿ! ಅದರ ಹಿಂದಿನದು ಅರ್ಧ ಓಡಿ ನಿಲ್ಲುತ್ತಿತ್ತು. ಬೆಳಿಗ್ಗೆ ತೆರೆದು ನೋಡಿದ ಆ ಕೊನೆಯ ವಿಡಿಯೋನೂ ಸೊನ್ನೆಯವುಗಳ ಸಾಲಿನಲ್ಲೇ ಇತ್ತು. ನನ್ನ ತಲೆ ಕೆಡಿಸಿದ್ದು ಅದು. ಕಣ್ಣಾರೆ ನೋಡಿದ್ದೆನಲ್ಲ!

ರಿಕವರಿ ಮಾಡುವವರ ಹತ್ತಿರ ಕಾರ್ಡು ಕೊಟ್ಟೆ. ಆ ಕಾರ್ಡಿನ ಬೆಲೆಯ ನಾಲ್ಕೈದು ಪಟ್ಟು ದುಡ್ಡು ಹೋಯಿತು, ಸಿಕ್ಕಿದ್ದು ಹಿಂದಿನ ವರ್ಷ ಅಳಿಸಿದ್ದ ಹಳೇ ಫೋಟೋಗಳು. ಮನೆಯಲ್ಲಿ PhotoRec ಅನ್ನುವ ರಿಕವರಿ ಸಾಫ್ಟ್‌ವೇರ್ ಹಾಕಿದರೂ ಅಷ್ಟೇ. ಆ ಕೆಲಸದ ಸಂಭಾವನೆಯಲ್ಲಿ ಮೂರನೇ ಒಂದು ಭಾಗ ಬಿಟ್ಟುಕೊಟ್ಟೆ, ಕ್ಷಮೆ ಕೇಳಿದ್ದು ಬೇರೆ.

ಯಾಕೆ ಹೀಗಾಯಿತು ಅನ್ನುವುದು ಆಮೇಲೆ ತಿಳಿಯಿತು. ಫೋನು ಬರೆಯಬೇಕಾದ್ದನ್ನು ಮೊದಲು ತನ್ನ ರ‍್ಯಾಮಿನಲ್ಲಿ ಇಟ್ಟುಕೊಂಡು, ಆಮೇಲೆ ನಿಧಾನವಾಗಿ ಕಾರ್ಡಿಗೆ ಇಳಿಸುತ್ತದೆ. ಪಟ್ಟಿ ನೂರು ಅನ್ನುವುದು ರ‍್ಯಾಮಿಗೆ ಸೇರಿದ ಲೆಕ್ಕ, ಕಾರ್ಡಿಗೆ ಸೇರಿದ್ದಲ್ಲ. ಫೈಲಿನ ಹೆಸರು ಮೊದಲೇ ಕಾರ್ಡಿಗೆ ಹೋಗಿರುತ್ತದೆ, ಒಳಗಿನ ಸರಕು ಹಿಂದಿನಿಂದ ಬರುತ್ತಿರುತ್ತದೆ. ನಡುವೆ ಎಳೆದರೆ ಹೆಸರು ಉಳಿಯುತ್ತೆ, ಸೈಜು ಸೊನ್ನೆ. ನಾನು ತೆರೆದು ನೋಡಿದ ವಿಡಿಯೋ ಓಡಿದ್ದೂ ರ‍್ಯಾಮಿನಿಂದಲೇ. ಇನ್ನು 'ಮೂವ್' ಅಂದರೆ ಕಾಪಿ ಮಾಡಿ ಮೂಲವನ್ನು ಅಳಿಸುವುದು ತಾನೇ. ಫೋನಿನಲ್ಲಿ ಅಳಿಸಿಯಾಗಿತ್ತು, ಕಾರ್ಡಿಗೆ ಬಂದೇ ಇರಲಿಲ್ಲ. ಬಾರದೇ ಇದ್ದದ್ದನ್ನು ಯಾವ ರಿಕವರಿಯವನು ತಾನೇ ಹುಡುಕಿಕೊಡುತ್ತಾನೆ?

ಈಗ ನನ್ನ ಪದ್ಧತಿ ಹೀಗಿದೆ. 'ಮೂವ್', 'ಕಟ್' ಎರಡನ್ನೂ ಮುಟ್ಟುವುದಿಲ್ಲ, ಕಾಪಿ ಮಾತ್ರ. ಫೋನನ್ನು ಮೇಜಿನ ಮೇಲೆ ಮಲಗಿಸಿ, ರೀಡರ್ ಜೋತು ಬೀಳದಂತೆ ಇಡುತ್ತೇನೆ. ಎರಡನೇ ಪೆಟ್ಟು ಬಿದ್ದಿದ್ದು ಅಲ್ಲೇ: ಕಾಪಿ ನಡೀತಿರುವಾಗ ಫೋನನ್ನು ಕೈಯಲ್ಲಿ ಹಿಡಿದು ಓಡಾಡುತ್ತಿದ್ದೆ, ಪಿನ್ನು ಒಂದು ಕ್ಷಣ ಅಲುಗಿತು, ಕಾರ್ಡು ಕೆಟ್ಟಿದೆ, ಫಾರ್ಮ್ಯಾಟ್ ಮಾಡಲಾ ಅಂತ ಫೋನು ಕೇಳಿತು. ಅದಕ್ಕೆ ಹೂಂ ಅನ್ನಬೇಡಿ. ನಾನು ವಿಂಡೋಸ್ ಕಂಪ್ಯೂಟರಿಗೆ ಹಾಕಿ, ಓದಲು ಬಂದಷ್ಟನ್ನು ಮೊದಲು ಬೇರೆ ಕಡೆ ತೆಗೆದಿಟ್ಟು, ಆಮೇಲೆ ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಕೊಟ್ಟೆ (E ಅಂದರೆ ನನ್ನ ಕಾರ್ಡಿಗೆ ಬಂದಿದ್ದ ಅಕ್ಷರ):

```
chkdsk E: /f
```

ಆ ಸಲ ಹಾಳಾಗಿದ್ದು ಎರಡೋ ಮೂರೋ ಫೈಲು. ಮೂಲ ಫೋನಿನಲ್ಲೇ ಇದ್ದುದರಿಂದ ಮತ್ತೆ ಹಾಕಿಕೊಂಡೆ.

ಕಾಪಿ ಮುಗಿದ ಮೇಲೆ ನೋಟಿಫಿಕೇಶನ್ ಎಳೆದು ಅಲ್ಲಿರುವ Eject ಒತ್ತುತ್ತೇನೆ. ಅಲ್ಲಿ ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದರೆ ಕಾರ್ಡಿನ ಹೆಸರಿನ ಪಕ್ಕ ಇರುತ್ತದೆ, ಕೆಲವು ಫೋನುಗಳಲ್ಲಿ Unmount ಅಂತ ಬರೆದಿರುತ್ತದೆ. ಒತ್ತಿದ ತಕ್ಷಣ ಕೀಳುವುದಲ್ಲ. ರ‍್ಯಾಮಿನಲ್ಲಿ ಉಳಿದದ್ದೆಲ್ಲ ಇಳಿಯುವುದು ಆಗಲೇ. ತೆಗೆಯಬಹುದು ಅಂತ ಬರುವವರೆಗೆ, ಇಲ್ಲವೇ ಸ್ಟೋರೇಜ್ ಪಟ್ಟಿಯಿಂದ ಕಾರ್ಡು ಮಾಯವಾಗುವವರೆಗೆ ಕಾಯುತ್ತೇನೆ. ಆಮೇಲೆ ಕಿತ್ತು, ಮತ್ತೆ ಸಿಕ್ಕಿಸಿ, ಕಟ್ಟಕಡೆಯ ಮೂರು ಫೈಲು ತೆರೆದು ನೋಡುತ್ತೇನೆ. ಮತ್ತೆ ಸಿಕ್ಕಿಸಿದ ಮೇಲೆ ಕಾಣುವುದು ಮಾತ್ರ ನಿಜವಾಗಿ ಕಾರ್ಡಿನಲ್ಲಿ ಇರುವುದು. ಫೋಲ್ಡರಿನ ಒಟ್ಟು ಸೈಜನ್ನೂ ಫೋನಿನದರ ಜೊತೆ ತಾಳೆ ನೋಡುತ್ತೇನೆ. ಇಷ್ಟಾದ ಮೇಲೂ ಫೋನಿನಲ್ಲಿ ಯಾವಾಗ ಅಳಿಸುತ್ತೇನೆ, ಕಾರ್ಡುಗಳಿಗೆ ಹೇಗೆ ಗುರುತು ಹಾಕುತ್ತೇನೆ ಅನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಅದು ನನ್ನ ಹತ್ತಿರವೇ ಇರಲಿ.

"ರೀಡರಿನ ದೀಪ ನಿಂತರೆ ಸಾಕು, Eject ಯಾಕೆ?" ಅಂತ ವಾದ ಮಾಡುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಂಜೆ ಕೆಲಸ ಇರಲಿಲ್ಲ, ಒಂದೇ ಒಂದು ಚಿಕ್ಕ ಫೋಟೋ ಕಾಪಿ ಮಾಡಿ ದೀಪವನ್ನೇ ನೋಡುತ್ತಾ ಕೂತೆ. ಒಂದು ಸಲ ಮಿಣಕ್ ಅಂತು, ಆರಿತು. ಎಣಿಸುತ್ತಾ ಹೋದೆ. ಮೂವತ್ತರ ಆಸುಪಾಸಿನಲ್ಲಿ ತಾನಾಗಿ ಮತ್ತೆ ಮಿನುಗಿತು. ಮೊದಲ ಮಿನುಗು ಹೆಸರು, ಎರಡನೆಯದು ಸರಕು. ನಾಲ್ಕೈದು ಸಲ ಮಾಡಿದೆ, ಅದೇ ಕಥೆ. ನಡುವಿನ ಆ ಅರ್ಧ ನಿಮಿಷದಲ್ಲಿ ಬೇಕಂತಲೇ ಕಿತ್ತು ನೋಡಿದೆ: ಸೊನ್ನೆ. ಫೋನಿನಿಂದ ಫೋನಿಗೆ ಸಮಯ ಹೆಚ್ಚುಕಡಿಮೆ ಇರಬಹುದು, ದೀಪವನ್ನು ನಂಬುವ ಹಾಗಿಲ್ಲ ಅನ್ನುವುದಂತೂ ನನಗೆ ಖಾತ್ರಿಯಾಯಿತು.

ಇನ್ನೊಂದು ಪ್ರಯೋಗ. ಕ್ಯಾಮೆರಾದ ಕಾರ್ಡಿನಿಂದ ಫೋನಿಗೆ ತರುವಾಗ ನಾವು ಬರೆಯುವುದೇನೂ ಇಲ್ಲವಲ್ಲ, ಹಾಗೇ ಕೀಳಬಹುದು ಅನ್ನಿಸುತ್ತದೆ. ಆದರೆ ಹಾಕಿ ತೆಗೆದ ಕಾರ್ಡಿನಲ್ಲಿ LOST.DIR, Android ಅನ್ನುವ ಫೋಲ್ಡರುಗಳು ಹುಟ್ಟಿಕೊಂಡಿದ್ದು ಕಂಡೆ. ಫೋನು ಕೇಳದೆಯೇ ಬರೆದಿತ್ತು. ಅದಕ್ಕೆ ದೊಡ್ಡ ಕಾರ್ಡಿನ ಪಕ್ಕದ ಲಾಕ್ ಕೆಳಗೆಳೆದು ಹಾಕಿದೆ. ಒಂದು ರೀಡರಿನಲ್ಲಿ ಓದಲು ಮಾತ್ರ ಬಂತು, ಹೊಸ ಫೋಲ್ಡರು ಹುಟ್ಟಲಿಲ್ಲ. ಇನ್ನೊಂದು ಅಗ್ಗದ ರೀಡರ್ ಲಾಕನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಲಾಕ್ ಹಾಕಿದ ಕಾರ್ಡಿಗೆ ಒಂದು ಖಾಲಿ ಫೈಲು ಹಾಕಲು ನೋಡಿ, ಹೋಯಿತು ಅಂದರೆ ಆ ರೀಡರಿನ ಮೇಲೆ ಭರವಸೆ ಇಡಬೇಡಿ. ಮೈಕ್ರೋ ಕಾರ್ಡಿಗಾದರೆ ಅಡಾಪ್ಟರ್ ಹಾಕಿದರೆ ಮಾತ್ರ ಈ ಲಾಕ್.

ಹೋದ ತಿಂಗಳು ಗೆಳೆಯನೊಬ್ಬ ನನ್ನ ರೀಡರಿನಲ್ಲೇ 30 ಜಿಬಿ ಇಳಿಸಿದ. Eject ಒತ್ತಿದ, ಒಂದು ನಿಮಿಷವಾದರೂ ಕಾರ್ಡು ಪಟ್ಟಿಯಿಂದ ಹೋಗಲಿಲ್ಲ.

"ಸಿಕ್ಕಿಹಾಕ್ಕೊಂಡಿದೆ ಕಣೋ, ಎಳೀಲಾ?" ಅಂದ.

"ಗ್ಯಾಲರಿ ಮುಚ್ಚಿದ್ದೀಯಾ?" ಅಂದೆ. ಇರಲಿಲ್ಲ. ಹಿಂದೆ ಇನ್ನೂ ಚಿಕ್ಕ ಚಿತ್ರಗಳನ್ನು ಮಾಡಿಕೊಳ್ಳುತ್ತಿತ್ತು. ಮುಚ್ಚಿದ, ಇನ್ನರ್ಧ ನಿಮಿಷ ಬೈಕೊಂಡು ಕೂತ. ಕಾರ್ಡು ಪಟ್ಟಿಯಿಂದ ಹೋಯಿತು. ಮತ್ತೆ ಸಿಕ್ಕಿಸಿ ಕಡೆಯ ಮೂರು ವಿಡಿಯೋ ನೋಡಿದೆವು, ಮೂರೂ ಕೊನೆತನಕ ಓಡಿದವು.