ಬೇಕರಿ ಸಾಲಿನಲ್ಲಿ ಸಿಕ್ಕ 'ಮ್ವಾ': ಫ್ರೆಂಚ್ ಸರ್ವನಾಮ ನನಗೆ ಹತ್ತಿದ ಬಗೆ

ಕೆಲಸಕ್ಕೆ ಅಂತ ಫ್ರಾನ್ಸಿನ ತುಲೂಸ್‌ಗೆ ಬಂದ ಎರಡನೇ ವಾರ. ಬೆಳಿಗ್ಗೆ ಮನೆ ಹತ್ತಿರದ ಬೇಕರಿಯಲ್ಲಿ ಸಾಲಾಗಿ ನಿಂತಿದ್ದೆವು. ಕೌಂಟರ್‌ನಲ್ಲಿದ್ದಾಕೆ ತಲೆ ಎತ್ತಿ "ಸೆ ತಾ ಕಿ?" ಅಂದರು, ಅಂದರೆ ಈಗ ಯಾರ ಸರದಿ ಅಂತ. ನನ್ನದೇ ಸರದಿ. ನಾನು "ಝ" ಅಂದೆ. ಆಕೆ ಮುಂದಿನ ಮಾತಿಗೆ ಕಾಯುತ್ತಾ ನನ್ನನ್ನೇ ನೋಡಿದರು. ಏನೂ ಬರಲಿಲ್ಲ. ಹಿಂದಿದ್ದ ಅಜ್ಜ "ಸೆ ತಾ ಮ್ವಾ?" ಅಂತ ಕೇಳಿ ಮುಂದೆ ಬಂದುಬಿಟ್ಟರು.

ಅವತ್ತು ನನಗೆ ಅರ್ಥ ಆಗಿದ್ದು ಇಷ್ಟು: 'ಝ' ಅಂದರೆ ನಾನು ಅಂತ ಬೆಂಗಳೂರಲ್ಲಿ ಕಲಿತಿದ್ದೆನಲ್ಲ, ಆ ಲೆಕ್ಕವೇ ಪೂರ್ತಿ ಸರಿ ಇರಲಿಲ್ಲ.

ಕನ್ನಡದಲ್ಲಿ 'ಬರುತ್ತೇನೆ' ಅಂದರೆ ಸಾಕು, 'ನಾನು' ಬೇಕಿಲ್ಲ. ಕೊನೆಯ 'ಏನೆ' ಆ ಕೆಲಸ ಮಾಡುತ್ತೆ. 'ಬರುತ್ತೀಯ', 'ಬರುತ್ತಾನೆ', 'ಬರುತ್ತಾರೆ' ಎಲ್ಲದರಲ್ಲೂ ಹಾಗೇ. ಆದರೆ ಬಾಗಿಲು ತಟ್ಟಿದಾಗ "ಯಾರು?" ಅಂದರೆ ಯಾರಾದರೂ "ಏನೆ" ಅಂತಾರಾ? "ನಾನು" ಅಂತಾರೆ ಅಲ್ವಾ. ಫ್ರೆಂಚಿನ 'ಝ' ನಮ್ಮ 'ಏನೆ' ಇದ್ದ ಹಾಗೆ, ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕು, ಏನಿದ್ದರೂ ನಮ್ಮಲ್ಲಿ ಹಿಂದೆ ಅಂಟುತ್ತೆ, ಅವರಲ್ಲಿ ಮುಂದೆ. ಒಂಟಿಯಾಗಿ ನಿಲ್ಲುವ, ನಮ್ಮ 'ನಾನು' ಥರದ ಮಾತು ಬೇಕು ಅಂದರೆ ಅದು 'ಮ್ವಾ'. "ಝ ವ್ಯಾಂ" ಅಂದರೆ ಬರುತ್ತೇನೆ. "ಮ್ವಾ, ಝ ವ್ಯಾಂ" ಅಂದರೆ 'ನಾನು ಬರುತ್ತೇನೆ', ನಾನು ಅನ್ನೋದನ್ನ ಒತ್ತಿ ಹೇಳಿದ ಹಾಗೆ.

ಇದು ತಲೆಗೆ ಹೋದ ಮೇಲೆ ಬಾಯಿಪಾಠ ಮಾಡೋದು ಜಾಸ್ತಿ ಉಳಿಯಲಿಲ್ಲ. ಬದಲಾಗೋದು ನಾಲ್ಕೇ. 'ಝ' ಹೋಗಿ 'ಮ್ವಾ', ನೀನು ಅನ್ನೋ 'ತ್ಯು' ಹೋಗಿ 'ತ್ವಾ', 'ಇಲ್' (ಅವನು) ಹೋಗಿ 'ಲ್ವಿ', 'ಇಲ್' (ಅವರು) ಹೋಗಿ 'ಒ'. ಈ ಕೊನೆಯದನ್ನ ಕನ್ನಡದಲ್ಲಿ ಬರೆಯೋಕೆ ಸರಿಯಾದ ಅಕ್ಷರ ಇಲ್ಲ. 'ಎ' ಅಂತ ಹೇಳುತ್ತಾ ನಾಲಿಗೆ ಅಲ್ಲೇ ಇಟ್ಟು ತುಟಿ ಮಾತ್ರ 'ಒ'ಗೆ ಮಾಡಿದ ಹಾಗೆ ಗುಂಡಗೆ ಮಾಡಿದರೆ ಬರುತ್ತೆ. ಅವಳು ಅನ್ನೋ 'ಎಲ್', ನಾವು ಅನ್ನೋ 'ನೂ', ನೀವು ಅನ್ನೋ 'ವೂ', ಅವರೆಲ್ಲ ಹೆಂಗಸರು ಅನ್ನೋ 'ಎಲ್', ಈ ನಾಲ್ಕೂ ಹೇಗಿದ್ದವೋ ಹಾಗೇ ಇರುತ್ತವೆ.

ಜೊತೆಗೆ, ಇಲ್ಲದೆ, ಗೋಸ್ಕರ ಅನ್ನುವ ಮಾತುಗಳ ನಂತರವೂ ಇವೇ ಬರುತ್ತವೆ. "ಅವೆಕ್ ಮ್ವಾ" ನನ್ನ ಜೊತೆ, "ಸಾಂ ತ್ವಾ" ನೀನಿಲ್ಲದೆ, "ಪೂರ್ ಲ್ವಿ" ಅವನಿಗೋಸ್ಕರ. ಇಲ್ಲಿ ನನಗೆ ಜಾಸ್ತಿ ಕಷ್ಟ ಆಗಲಿಲ್ಲ. 'ಶೇ' ಒಂದು ಬಿಟ್ಟು. 'ಶೇ ಮ್ವಾ' ಅಂದರೆ ನನ್ನ ಮನೆಯಲ್ಲಿ. ನಾವು ಒಬ್ಬರೇ ಇದ್ದರೂ 'ನಮ್ಮನೆ' ಅಂತೀವಿ, ಹಾಗಾಗಿ ನಾನು ಸುಮ್ನೆ 'ಶೇ ನೂ' ಅಂತಿದ್ದೆ. ಆಫೀಸಿನವರು ನನ್ನ ಜೊತೆ ಇನ್ಯಾರೋ ಇದ್ದಾರೆ ಅಂದುಕೊಂಡು, ಎರಡು ತಿಂಗಳಾದ ಮೇಲೆ "ನಿನ್ನ ಗಂಡ ಯಾವಾಗ ಸಿಗ್ತಾರೆ?" ಅಂತ ಕೇಳಿದರು. ಒಂಟಿಯಾಗಿದ್ದರೆ 'ಶೇ ಮ್ವಾ' ಅಂತಲೇ ಹೇಳಬೇಕು.

ನನ್ನನ್ನ ನಿಜವಾಗಿ ಕಾಡಿದ್ದು ನಮ್ಮ 'ಅವರು'. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಶನಿವಾರ ನಾವಿಬ್ಬರೂ ಮಾರ್ಕೆಟ್‌ಗೆ ಹೋಗಿ ಬಂದೆವು. ಸಂಜೆ ಕೆಳಗಿನ ಮನೆಯಾಕೆ "ಯಾರ ಜೊತೆ ಹೋಗಿದ್ದೆ, ಪಕ್ಕದ ಮನೆಯವರ ಜೊತೆನಾ?" ಅಂತ ಕೇಳಿದರು. ನಾನು ಮನಸ್ಸಿನಲ್ಲಿ 'ಹೌದು, ಅವರ ಜೊತೆ' ಅಂದುಕೊಂಡು, ಬಾಯಲ್ಲಿ "ವಿ, ಅವೆಕ್ ಒ" ಅಂದೆ. ಆಕೆ "ಅವರ ಮಗನೂ ಬಂದಿದ್ದನಾ?" ಅಂದರು. ತಪ್ಪು ಹೀಗೇ ಗೊತ್ತಾಗೋದು, ಯಾರೂ ತಿದ್ದೋದಿಲ್ಲ, ಇಲ್ಲದ ಮನುಷ್ಯನ ಬಗ್ಗೆ ಒಂದು ಪ್ರಶ್ನೆ ಬರುತ್ತೆ. ಕನ್ನಡದಲ್ಲಿ ಗೌರವಕ್ಕೆ ಒಬ್ಬರನ್ನೂ 'ಅವರು' ಅಂತೀವಿ. ಫ್ರೆಂಚಿನಲ್ಲಿ ಎದುರಿಗಿರುವವರಿಗೆ 'ವೂ' ಅಂದು ಗೌರವ ಕೊಡಬಹುದು, ಆದರೆ ಅಲ್ಲಿಲ್ಲದ ಒಬ್ಬರ ಬಗ್ಗೆ ಮಾತಾಡುವಾಗ ಎಷ್ಟು ದೊಡ್ಡವರಾದರೂ 'ಲ್ವಿ' ಅಥವಾ 'ಎಲ್'. "ಅವೆಕ್ ಎಲ್" ಅನ್ನೋಕೆ ನನಗೆ ನಾಲಿಗೆ ಹಿಡಿದಂತಾಗುತ್ತಿತ್ತು, ಅಜ್ಜಿಯನ್ನ 'ಅವಳು' ಅಂದ ಹಾಗೆ ಅನಿಸುತ್ತಿತ್ತು. ಹಾಗೆ ಅಲ್ಲ ಅಂತ ಒಪ್ಪಿಕೊಳ್ಳೋಕೆ ಟೈಮ್ ಹಿಡಿಯಿತು.

ಅದಕ್ಕೆ ನಾನು ಮಾಡಿದ್ದು ಹೀಗೆ. ಒಂದು ನೋಟ್‌ಬುಕ್ ತಗೊಂಡು ಎಡಗಡೆ ದಿನಾ ಐದು ಕನ್ನಡ ವಾಕ್ಯ ಬರೆದೆ, ನಾನು ಮನೆಗೆ ಫೋನ್ ಮಾಡಿದಾಗ ಆಡುವ ಮಾತಿನ ಥರವೇ: 'ಡಾಕ್ಟರ್ ಬರಲಿಲ್ಲ, ಅವರಿಲ್ಲದೆ ಆಗಲ್ಲ', 'ಮಾವ ಬರ್ತಾರೆ, ಅವರಿಗೋಸ್ಕರ ಟಿಕೆಟ್ ತಗೊಂಡೆ'. ಪ್ರತಿ 'ಅವರು' ಮೇಲೆ ಪೆನ್ಸಿಲ್‌ನಲ್ಲಿ ಎರಡು ವಿಷಯ ಬರೆದೆ: ಎಷ್ಟು ಜನ, ಗಂಡಸೋ ಹೆಂಗಸೋ. ಆಮೇಲಷ್ಟೇ ಬಲಗಡೆ ಫ್ರೆಂಚ್. ಡಾಕ್ಟರ್ ಒಬ್ಬರು, ಹೆಂಗಸು, 'ಸಾಂ ಎಲ್'. ಮಾವ ಒಬ್ಬರು, 'ಪೂರ್ ಲ್ವಿ'. ಗುಂಪಿನಲ್ಲಿ ಒಬ್ಬ ಗಂಡಸಿದ್ದರೂ 'ಒ', ಎಲ್ಲರೂ ಹೆಂಗಸರಾದರೆ ಮಾತ್ರ 'ಎಲ್'. ಬರೆದದ್ದನ್ನ ಜೋರಾಗಿ ಹೇಳಿದೆ. ಮೂರು ವಾರಕ್ಕೆ ಪೆನ್ಸಿಲ್ ಬಿಟ್ಟೆ.

ಚುಟುಕು ಉತ್ತರದಲ್ಲಿ ಇನ್ನೊಂದು ಗುಂಡಿ ಇದೆ. ನಮ್ಮ 'ನಾನೂ', 'ನನಗೂ' ಎರಡಕ್ಕೂ ಅಲ್ಲಿ ಹೆಚ್ಚಾಗಿ "ಮ್ವಾ ಓಸಿ" ಒಂದೇ, ಅದು ಸುಲಭ. ಆದರೆ ಊಟದ ಟೇಬಲ್‌ನಲ್ಲಿ ಒಬ್ಬ ಹುಡುಗ ತಾನು ಮಾಂಸ ತಿನ್ನಲ್ಲ ಅಂದ. ನಾನೂ ತಿನ್ನಲ್ಲ, ಖುಷಿಯಿಂದ "ಮ್ವಾ ಓಸಿ" ಅಂದೆ. ಅವನು "ತ್ವಾ ನೋಂ ಪ್ಲ್ಯು!" ಅಂತ ಮೆತ್ತಗೆ ತಿದ್ದಿದ. ಕನ್ನಡದಲ್ಲಿ 'ನಾನೂ ತಿಂತೀನಿ', 'ನಾನೂ ತಿನ್ನಲ್ಲ' ಎರಡಕ್ಕೂ ಅದೇ 'ಊ' ಸಾಕು. ಅಲ್ಲಿ ಎದುರಿನವರ ಮಾತಿನಲ್ಲಿ 'ಇಲ್ಲ' ಇದ್ದು ನೀವು ಒಪ್ಪಿದರೆ "ಮ್ವಾ ನೋಂ ಪ್ಲ್ಯು" ಅನ್ನಬೇಕು. ಒಪ್ಪದೆ 'ನಾನು ತಿಂತೀನಪ್ಪ' ಅನ್ನೋದಾದರೆ "ಮ್ವಾ ಸಿ". ಈಗ ಯಾರಾದರೂ ಹೇಳುವಾಗ ನಾನು ಮೊದಲು ಕೇಳಿಸಿಕೊಳ್ಳೋದು ನಮ್ಮ 'ಇಲ್ಲ' ಥರದ 'ಪಾ' ಇದೆಯಾ ಅಂತ. ಇದ್ದರೆ 'ಓಸಿ'ಗೆ ಅಲ್ಲಿ ಜಾಗ ಇಲ್ಲ.

ನಮ್ಮ 'ಗೆ' ಥರದ 'ಆ' ಅನ್ನುವ ಪುಟ್ಟ ಪದದ ಹತ್ತಿರ ಮಾತ್ರ ಈಗಲೂ ಒಂದು ಕ್ಷಣ ನಿಲ್ಲುತ್ತೇನೆ. 'ಅವನಿಗೆ ಹೇಳಿದೆ' ಅನ್ನೋದನ್ನ ನೇರವಾಗಿ "ಝೆ ದಿ ಆ ಲ್ವಿ" ಅಂತ ಮಾಡಿದರೆ ತಪ್ಪು. ಹೇಳು, ಕೊಡು, ಮಾತಾಡು ಇಂಥವಕ್ಕೆ 'ಗೆ' ಅರ್ಥದ ಪದ ಕ್ರಿಯಾಪದದ ಮುಂದೆ ಹೋಗಿ ಅಂಟುತ್ತೆ: "ಝ ಲ್ವಿ ಎ ದಿ". ನೋಡೋಕೆ ಅದೇ 'ಲ್ವಿ', ಆದರೆ ಇದು ಅಂಟುವ ಜಾತಿಯದು, ಅವನಿಗೂ ಅವಳಿಗೂ ಎರಡಕ್ಕೂ ಆಗುತ್ತೆ. ಒಂಟಿ 'ಲ್ವಿ' ಅವನಿಗೆ ಮಾತ್ರ. ಯೋಚಿಸು ಅನ್ನುವ 'ಪಾಂಸೆ' ಥರದ ಕೆಲವು ಕ್ರಿಯಾಪದಗಳು ಬೇರೆ ದಾರಿ ಹಿಡಿಯುತ್ತವೆ: "ಝ ಪಾಂಸ್ ಆ ಲ್ವಿ", ಅವನ ಬಗ್ಗೆ ಯೋಚಿಸುತ್ತೇನೆ. ಈ ಕೆಲವನ್ನ ನೋಟ್‌ಬುಕ್‌ನ ಕೊನೆ ಪುಟದಲ್ಲಿ ಬೇರೆಯಾಗಿ ಬರೆದಿಟ್ಟಿದ್ದೇನೆ. ಸಿಕ್ಕಾಗಲೆಲ್ಲ ಒಂದೊಂದು ಸೇರಿಸುತ್ತೇನೆ.