ಮೊದಲ ವಿಡಿಯೊ, ಮೊದಲ ತಾಸು: ಮನೆಯ ಗ್ರೂಪಿಗೆ ಲಿಂಕ್ ಹಾಕದೆ ನಾನು ಮಾಡಿದ್ದು

ನನ್ನ ಯೂಟ್ಯೂಬ್ ಚಾನೆಲ್‌ನ ಮೊದಲ ವಿಡಿಯೊದ ಲಿಂಕನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುವುದಿಲ್ಲ ಅಂದಾಗ ಶಿರಸಿಯಲ್ಲಿ ನನಗೆ ಪರಿಚಯವಿದ್ದ ಚಾನೆಲ್‌ನವರು ಯಾರೂ ಒಪ್ಪಲಿಲ್ಲ. ಮೊದಲ ತಾಸಿನಲ್ಲಿ ನೂರು ವ್ಯೂಸ್ ಬೀಳದಿದ್ದರೆ ಆ ವಿಡಿಯೊ ಮುಗಿದಂತೆ ಅಂತಲೇ ಎಲ್ಲರ ಮಾತು. ನನಗೆ ಆ ತಾಸಿನಲ್ಲಿ ಬಿದ್ದದ್ದು ಇಪ್ಪತ್ತರ ಆಸುಪಾಸು. ಎರಡು ತಿಂಗಳಲ್ಲಿ ಅದೇ ವಿಡಿಯೊ 40 ಸಾವಿರ ದಾಟಿತು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ವಿಡಿಯೊ ನಮ್ಮ ಕಡೆಯ ತೆಳು ಸಿಹಿತಿಂಡಿ ತೊಡದೇವಿನದ್ದು. ಆಲೆಮನೆ ಸಮಯ, ತಾಜಾ ಕಬ್ಬಿನಹಾಲು ಸಿಗುತ್ತಿತ್ತು. ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಬ್ಬಿನಹಾಲಿನಲ್ಲಿ ನೀರಾಗಿ ಕದಡಿ, ಒಲೆಯ ಮೇಲೆ ಕವುಚಿಟ್ಟ ಮಡಕೆಗೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಆಯಿತು. ಎಳೆದ ಹಿಟ್ಟಿನ ಪದರ ಆರುತ್ತ ಅಂಚು ಮೇಲೇಳುತ್ತದೆ, ಕಾಗದದಂತೆ ಬಿಡಿಸಿ ಎತ್ತಿದರೆ ಆಚೆ ಬದಿಯ ಬೆಂಕಿ ಕಾಣುತ್ತದೆ. ಇಡೀ ವಿಡಿಯೊ ನಿಂತಿರುವುದು ಆ ಒಂದು ಕ್ಷಣದ ಮೇಲೆ. ಅದನ್ನು ಹಿಡಿಯಲಿಕ್ಕೇ ಶೂಟಿಂಗ್ ಮೇಲಿಂದ ಮೇಲೆ ಕೆಟ್ಟಿತು. ಬೆಂಕಿ ಎದ್ದಾಗೆಲ್ಲ ಫೋನ್ ತಾನೇ ಬೆಳಕು ಕಡಿಮೆ ಮಾಡಿ ಆಯಿಯ ಕೈ ಕಪ್ಪಾಗುತ್ತಿತ್ತು. ಪರದೆಯ ಮೇಲೆ ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿದ ಮೇಲೆ ಅದು ನಿಂತಿತು. ಆಮೇಲೆ ಹಬೆ ಲೆನ್ಸಿಗೆ ಕೂತಿತು, ಅದು ಸರಿಯಾಗುವಷ್ಟರಲ್ಲಿ ಕಬ್ಬಿನಹಾಲು ಹುಳಿಯಾಯಿತು, ಮತ್ತೆ ತರಿಸಬೇಕಾಯಿತು. ಕಾಲರ್ ಮೈಕ್ ಸಾವಿರದ ಇನ್ನೂರು, ಟ್ರೈಪಾಡ್ ಏಳುನೂರು, ಎರಡು ಎಲ್ಇಡಿ ದೀಪ, ಡೇಟಾ, ಕಬ್ಬಿನಹಾಲು, ತುಪ್ಪ ಎಲ್ಲ ಸೇರಿ ಐದು ಸಾವಿರದ ಹತ್ತಿರ ಹೋಯಿತು. ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್, ಒಂದು ವರ್ಷದಲ್ಲಿ ಜನ ವಿಡಿಯೊ ನೋಡಿದ ಹೊತ್ತು 4,000 ತಾಸು ಬೇಕು ಅಂತ ಗೊತ್ತಿದ್ದೇ ಹಾಕಿದ ದುಡ್ಡು ಅದು.

ನಮ್ಮ ಮನೆ ಘಟ್ಟದ ಅಂಚಿನಲ್ಲಿದೆ, ಅಪ್‌ಲೋಡ್ ವೇಗ ಸೆಕೆಂಡಿಗೆ ಎರಡು ಮೆಗಾಬಿಟ್ ಸಿಕ್ಕರೆ ಪುಣ್ಯ. ಎಂಟು ನಿಮಿಷದ ವಿಡಿಯೊ ಫೋನಿನ ಮಾಮೂಲಿ ಗುಣಮಟ್ಟದಲ್ಲಿ ಒಂದು ಜಿಬಿ ಆಗಿತ್ತು. 1080p ಇಟ್ಟುಕೊಂಡೇ ಬಿಟ್‌ರೇಟ್ ಎಂಟು ಎಂಬಿಪಿಎಸ್‌ಗೆ ಇಳಿಸಿದೆ, ಅರ್ಧಕ್ಕಿಂತ ಕಡಿಮೆಗೆ ಬಂತು. ಆ ಪದರದ ತೆಳುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಿಂದಿನ ರಾತ್ರಿಯೇ ಏರಿಸಿ ಪ್ರೈವೇಟ್‌ನಲ್ಲಿ ಇಟ್ಟೆ. ಇದನ್ನು ಮಾತ್ರ ಬಿಡಬೇಡಿ. ಏರಿದ ತಕ್ಷಣ ಮೊದಲು ಸಿದ್ಧವಾಗುವುದು ಮಸುಕು ಆವೃತ್ತಿ, ಎಚ್‌ಡಿ ಆಮೇಲೆ ಬರುತ್ತದೆ. ಆಗಲೇ ಪಬ್ಲಿಕ್ ಮಾಡಿದರೆ ಮೊದಲು ಬಂದವರು ಮಸುಕನ್ನೇ ನೋಡಿ ಹೋಗುತ್ತಾರೆ. ತೊಡದೇವು ಮಸುಕಾದರೆ ನೋಡಲಿಕ್ಕೆ ಏನುಳಿಯಿತು?

ಮರುದಿನ ಸಂಜೆ ಏಳೂವರೆಗೆ ಪಬ್ಲಿಕ್ ಮಾಡಿ, ಚಾನೆಲ್‌ನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೊ ತೆರೆದು ಕೂತೆ. ರಿಯಲ್‌ಟೈಮ್‌ನಲ್ಲಿ 48 ತಾಸಿನ ಲೆಕ್ಕದ ಪಕ್ಕ 60 ನಿಮಿಷದ ಲೆಕ್ಕವೂ ಇದೆಯಲ್ಲ, ನನ್ನ ಕಣ್ಣೆಲ್ಲ ಅಲ್ಲೇ. ಐದು ನಿಮಿಷ ಸೊನ್ನೆ. ಹತ್ತಕ್ಕೆ ನಾಲ್ಕು. ಹತ್ತು ಸೆಕೆಂಡಿಗೊಮ್ಮೆ ಬೆರಳಿನಿಂದ ಕೆಳಗೆಳೆದು ರಿಫ್ರೆಶ್ ಮಾಡಿದೆ. ಆ ಅಂಕಿ ನಾವು ಎಳೆದಾಗ ಬದಲಾಗುವುದಲ್ಲ, ಕೆಲವು ನಿಮಿಷಕ್ಕೊಮ್ಮೆ ಒಟ್ಟಿಗೆ ಜಿಗಿಯುತ್ತದೆ ಅಂತ ಕಂಡಿತು. ವಿಡಿಯೊದ ಕೆಳಗೆ ಎಲ್ಲರಿಗೂ ಕಾಣುವ ಸಂಖ್ಯೆ ಇನ್ನೂ ಹಿಂದೆ ಇತ್ತು. ಸ್ಟುಡಿಯೊ ಹನ್ನೊಂದು ಅಂದಾಗ ಅಲ್ಲಿ ಐದೇ.

ಇಪ್ಪತ್ತು ನಿಮಿಷಕ್ಕೆ ತಮ್ಮ ತಡೆಯಲಾರದೆ ಎದ್ದ. "ಅಕ್ಕಾ, ಹನ್ನೊಂದಕ್ಕೇ ನಿಂತು ಹೋತು. ಆನು ಗ್ರೂಪಿಗೆ ಹಾಕ್ತಿ."

"ಬ್ಯಾಡ" ಅಂದೆ.

ಹಾಗೆ ಹೇಳಲು ಕಾರಣ ಇತ್ತು. ಗೆಳತಿಯೊಬ್ಬಳು ತನ್ನ ಚಾನೆಲ್‌ನ ರಿಟೆನ್ಶನ್ ಗೆರೆ, ಅಂದರೆ ನೋಡುವವರು ಎಲ್ಲಿಯ ತನಕ ಉಳಿದರು ಅನ್ನುವ ಗೆರೆ ತೋರಿಸಿದ್ದಳು. ಗ್ರೂಪಿಗೆ ಹಾಕಿ ಒಂದೇ ಸಂಜೆ ಇನ್ನೂರು ವ್ಯೂಸ್ ತಂದಿದ್ದಳು, ಆದರೆ ಆರು ನಿಮಿಷದ ವಿಡಿಯೊವನ್ನು ಸರಾಸರಿ ನೋಡಿದ್ದು ಅರ್ಧ ನಿಮಿಷ. ನೆಂಟರು ಪ್ರೀತಿಯಿಂದ ತೆರೆಯುತ್ತಾರೆ, ಹೆಬ್ಬೆರಳು ಒತ್ತಿ ಮುಚ್ಚುತ್ತಾರೆ. ಗೆರೆ ಮೊದಲ ಹತ್ತು ಸೆಕೆಂಡಿನಲ್ಲೇ ಬಿದ್ದಿತ್ತು. ಅದರಿಂದ ಅವಳಿಗೆ ಆದ ದೊಡ್ಡ ನಷ್ಟ ಎಂದರೆ, ವಿಡಿಯೊದ ಆರಂಭ ಚೆನ್ನಾಗಿಲ್ಲವೋ, ಬಂದವರಿಗೆ ವಿಷಯವೇ ಬೇಡವಾಗಿತ್ತೋ ಅಂತ ಹೇಳಲಿಕ್ಕೇ ಆಗದೆ ಹೋದದ್ದು. ನನಗೆ ಹಾಗೆ ಕಲಸಿದ ಲೆಕ್ಕ ಬೇಡವಾಗಿತ್ತು. ತೊಡದೇವು ಕಲಿಯಬೇಕು ಅಂತ ನಿಜವಾಗಿ ಆಸೆಯಿದ್ದ ಆರೇಳು ಹೆಂಗಸರಿಗೆ ಮಾತ್ರ ಲಿಂಕ್ ಕಳಿಸಿದ್ದೆ. ಅವರನ್ನು ಎಲ್ಲಿ ಹುಡುಕಿದೆ ಅನ್ನುವುದು ನನ್ನಲ್ಲೇ ಇರಲಿ, ಇನ್ನೂ ಎರಡು ವಿಡಿಯೊಕ್ಕೆ ಆ ದಾರಿ ಬೇಕು.

ಅರ್ಧ ತಾಸಿಗೆ ಹದಿನಾಲ್ಕು. ಆಯಿ ಒಳಗಿನಿಂದ ಕೇಳಿದಳು: "ಎಷ್ಟಾತೇ? ನೋಡ್ತಾ ಕೂತ್ರೆ ಜಾಸ್ತಿ ಆಗ್ತನೇ?" ಥಂಬ್‌ನೇಲ್ ಎಷ್ಟು ಸಲ ಕಂಡಿತು, ಅದರಲ್ಲಿ ಎಷ್ಟು ಸಲ ಒತ್ತಿದರು ಅನ್ನುವ ಇಂಪ್ರೆಶನ್, ಕ್ಲಿಕ್ ಪ್ರಮಾಣ ಸಿಗುತ್ತದೋ ಅಂತ ಸ್ಟುಡಿಯೊದ ಒಳಗೆ ಹೊಕ್ಕೆ, ಖಾಲಿ. ಥಂಬ್‌ನೇಲ್ ಸರಿಯಿದೆಯೋ ಇಲ್ಲವೋ ಹೇಳುವ ಅಂಕಿ ಅದು, ಆದರೆ ಬರಲಿಕ್ಕೆ ಒಂದೆರಡು ದಿನ ಬೇಕು. ಬಹಳ ಜನ ಈ ಹೊತ್ತಿನಲ್ಲೇ ಗಾಬರಿಯಾಗಿ ಥಂಬ್‌ನೇಲ್ ಬದಲಿಸುತ್ತಾರೆ. ಯಾವ ಅಂಕಿ ನೋಡಿ ಬದಲಿಸುವುದು? ನಾನು ಮುಟ್ಟಲಿಲ್ಲ. ಬದಲಿಗೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ನನ್ನ ಫೋನಿನಲ್ಲಿ ಹುಡುಕಿದರೆ ನನ್ನದೇ ಮೇಲೆ ಬರುವ ಸಾಧ್ಯತೆ ಜಾಸ್ತಿ, ಅದಕ್ಕೆ ಪಕ್ಕದ ಮನೆಯವರ ಫೋನ್ ಇಸಕೊಂಡೆ. ಶೀರ್ಷಿಕೆ ಪೂರ್ತಿ ಹೊಡೆದರೆ ಬಂತು. ಬರೀ `thodadevu` ಅಂದರೆ ಎಷ್ಟು ಸರಿಸಿದರೂ ಸಿಗಲಿಲ್ಲ. ಜನ ಹುಡುಕುವುದು ಹಾಗೇ ಅಲ್ಲವೇ? ವಿವರಣೆಯ ಮೊದಲ ಸಾಲಿನಲ್ಲಿ ಆ ಇಂಗ್ಲಿಷ್ ಅಕ್ಷರಗಳ ಹೆಸರನ್ನು ಆಗಲೇ ಸೇರಿಸಿದೆ. ಆ ತಾಸಿನಲ್ಲಿ ನಾನು ಬದಲಿಸಿದ್ದು ಅದೊಂದೇ.

ಮೂವತ್ತೈದನೇ ನಿಮಿಷದ ಹೊತ್ತಿಗೆ ಮೊದಲ ಕಮೆಂಟ್ ಬಂತು. ಮಡಕೆ ಇಲ್ಲದವರು ಕಬ್ಬಿಣದ ಕಾವಲಿಯನ್ನು ಕವುಚಿ ಮಾಡಬಹುದೇ, ಬಿಡಿಸಿ ಬರುತ್ತದೆಯೇ ಅಂತ. ಡ್ಯಾಶ್‌ಬೋರ್ಡಿನಲ್ಲಿ ತಡವಿಲ್ಲದೆ ಬರುವುದು ಕಮೆಂಟ್ ಒಂದೇ, ಆ ತಾಸಿನಲ್ಲಿ ನಂಬಬಹುದಾದದ್ದೂ ಅದೇ. ಇಷ್ಟು ಕೇಳಬೇಕಾದರೆ ಕಮೆಂಟ್ ಬರೆದಾಕೆ ಬಿಡಿಸಿ ಎತ್ತುವ ಜಾಗದವರೆಗೆ, ಅಂದರೆ ಐದನೇ ನಿಮಿಷದ ತನಕ ನೋಡಿರಬೇಕು. ಕೂಡಲೇ ಉತ್ತರ ಬರೆದು ಪಿನ್ ಮಾಡಿದೆ. ತಾಸು ಮುಗಿಯುವಾಗ ಇಪ್ಪತ್ತೆರಡೋ ಇಪ್ಪತ್ಮೂರೋ ವ್ಯೂಸ್, ಮೂರು ಕಮೆಂಟ್. ಮೂರೂ ಪ್ರಶ್ನೆಗಳೇ.

ಎರಡು ದಿನ ಬಿಟ್ಟು ಸರಾಸರಿ ನೋಡಿದ ಹೊತ್ತು ತೋರಿಸಿತು, ಮೂರು ನಿಮಿಷದ ಮೇಲೆ. ಗೆಳತಿ ಅದನ್ನು ನಂಬದೆ ನನ್ನ ಫೋನ್ ತೆಗೆದುಕೊಂಡು ತಾನೇ ನೋಡಿದಳು. ಎರಡನೇ ವಾರದಿಂದ ಟ್ರಾಫಿಕ್ ಮೂಲದಲ್ಲಿ ಯೂಟ್ಯೂಬ್ ಸರ್ಚ್ ಮೇಲೆ ಬಂತು, ಆಮೇಲೆ ಸಜೆಸ್ಟೆಡ್. ಈಗ ಎರಡು ಸಾವಿರ ತಾಸಿನ ಹತ್ತಿರ ಬಂದಿದೆ, ಸಬ್‌ಸ್ಕ್ರೈಬರ್ ಎಂಟುನೂರರ ಆಸುಪಾಸು. ಜಾಹೀರಾತಿನಿಂದ ಒಂದು ರೂಪಾಯಿಯೂ ಬಂದಿಲ್ಲ, ಸದ್ಯ ಬರುವುದೂ ಇಲ್ಲ. ಆದರೆ ಕಮೆಂಟಿನಲ್ಲಿ ತೊಡದೇವು ಕಳಿಸುತ್ತೀರಾ ಅಂತ ಕೇಳಿದವರಿಗೆ ಆಯಿ ಕಟ್ಟಿ ಕಳಿಸಿದ ಪ್ಯಾಕೆಟ್‌ಗಳಲ್ಲಿ ಮೈಕ್, ಟ್ರೈಪಾಡಿನ ದುಡ್ಡು ವಾಪಸ್ಸಾಯಿತು.

ಒಂದು ಮಿತಿ ಹೇಳಬೇಕು. ಇದು ಜನ ಹುಡುಕಿ ಬರುವ ವಿಷಯಕ್ಕೆ ಸರಿ. ತಮ್ಮ ಇದೇ ರೀತಿ ಗ್ರೂಪಿಗೆ ಹಾಕದೆ ಕಾರವಾರದ ಕಡಲತೀರದ ಒಂದು ಶಾರ್ಟ್ಸ್ ಬಿಟ್ಟ. ಸಂಜೆಯ ಅಲೆಯನ್ನು ಯಾರು ಹೆಸರು ಹೊಡೆದು ಹುಡುಕುತ್ತಾರೆ? ಮುನ್ನೂರರ ಮೇಲೆ ಹೋಗಲೇ ಇಲ್ಲ. ಕಾವಲಿಯ ಪ್ರಶ್ನೆಗೆ ಉತ್ತರವಾಗಿ ಎರಡನೇ ವಿಡಿಯೊ ಮಾಡಿಯಾಗಿದೆ. ಕಾವಲಿಯಲ್ಲೂ ಬಿಡಿಸಿ ಬರುತ್ತದೆ, ಹಿಟ್ಟು ಇನ್ನೂ ತೆಳು ಬೇಕು, ಉರಿ ಸಣ್ಣದಿರಬೇಕು. ಎಷ್ಟು ತೆಳು ಅನ್ನುವುದು ಅದರಲ್ಲೇ ಇದೆ.