ಎಂಜಿನ್ನಿನ ಮೂತಿ ಎಷ್ಟು ದೂರ ಸಾಗಿತು?

ನೇಮಕಾತಿ ಪರೀಕ್ಷೆಗಳಿಗೆ ಓದುವವರಿಗೆ ನಾನು ಅಂಕಗಣಿತ ಕಲಿಸುತ್ತೇನೆ. ರೈಲುಗಳ ಲೆಕ್ಕವನ್ನು ಸೂತ್ರದಿಂದ ಆರಂಭಿಸುವುದಿಲ್ಲ. ಎಂಜಿನ್ನಿನ ಮೂತಿಯ ಮೇಲೆ ಒಂದು ಚುಕ್ಕೆಯಿಟ್ಟು, ದಾಟಲು ತೊಡಗಿದಾಗ ಆ ಚುಕ್ಕೆ ಎಲ್ಲಿತ್ತು, ದಾಟಿ ಮುಗಿದಾಗ ಎಲ್ಲಿದೆ ಎಂದು ಮೊದಲು ಕೇಳುತ್ತೇನೆ.

ಇದಕ್ಕೆ ನಾನು ಆರಿಸಿಕೊಂಡ ಜಾಗ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರಂ 1507 ಮೀಟರ್ ಉದ್ದವಿದೆ. ಅದರ ಪಕ್ಕದಲ್ಲಿ 643 ಮೀಟರ್ ಉದ್ದದ ಗೂಡ್ಸ್ ರೈಲೊಂದು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ನಿಲ್ಲದೆ ಸಾಗುತ್ತಿದೆ ಎಂದುಕೊಳ್ಳೋಣ. ವೇಗವನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 10 ಮೀಟರ್ ಆಗುತ್ತದೆ. ಮೂತಿ ಪ್ಲಾಟ್‌ಫಾರಂನ ಆಚೆ ತುದಿಯನ್ನು ಮುಟ್ಟುವುದಕ್ಕೆ 150.7 ಸೆಕೆಂಡು ಸಾಕು. ಆದರೆ ಆ ಕ್ಷಣದಲ್ಲಿ ಇಡೀ ರೈಲು ಇನ್ನೂ ಪ್ಲಾಟ್‌ಫಾರಂನ ಪಕ್ಕದಲ್ಲೇ ಇರುತ್ತದೆ. ಕೊನೆಯ ವ್ಯಾಗನ್ ಆ ತುದಿಯನ್ನು ಬಿಡುವ ಹೊತ್ತಿಗೆ ಮೂತಿ ಇನ್ನೂ 643 ಮೀಟರ್ ಮುಂದೆ ಹೋಗಿರಬೇಕು. ಹೀಗಾಗಿ ಅದು ಸಾಗಿದ ದೂರ 2150 ಮೀಟರ್, ತೆಗೆದುಕೊಂಡ ಸಮಯ 215 ಸೆಕೆಂಡು. ಸಿಗ್ನಲ್ ಕಂಬವನ್ನೋ ನಿಂತ ಮನುಷ್ಯನನ್ನೋ ದಾಟುವಾಗ ದಾಟಬೇಕಾದುದಕ್ಕೆ ಉದ್ದವೇ ಇಲ್ಲದ್ದರಿಂದ ರೈಲಿನ ಉದ್ದ ಮಾತ್ರ ಉಳಿಯುತ್ತದೆ.

ಎರಡು ರೈಲುಗಳ ಲೆಕ್ಕವನ್ನು ನಾನು ಹೊಸ ಪಾಠವೆಂದು ಕಲಿಸುವುದಿಲ್ಲ. ಜೋಡಿ ಹಳಿಯಲ್ಲಿ 550 ಮೀಟರ್ ಉದ್ದದ ಎಕ್ಸ್‌ಪ್ರೆಸ್ ಸೆಕೆಂಡಿಗೆ 25 ಮೀಟರ್‌ನಂತೆ, 650 ಮೀಟರ್ ಉದ್ದದ ಗೂಡ್ಸ್ ಸೆಕೆಂಡಿಗೆ 15 ಮೀಟರ್‌ನಂತೆ ಎದುರುಬದುರಾಗಿ ಬರುತ್ತಿವೆ ಎನ್ನಿ. ಗೂಡ್ಸಿನ ಗಾರ್ಡ್ ತನ್ನ ಗಾಡಿ ನಿಂತಿದೆ ಎಂದೇ ಭಾವಿಸಿದರೆ, ಅವರ ಪಾಲಿಗೆ ಅದು 650 ಮೀಟರ್‌ನ ಪ್ಲಾಟ್‌ಫಾರಂ ಆಗಿಬಿಡುತ್ತದೆ, ಎಕ್ಸ್‌ಪ್ರೆಸ್ ಎರಡೂ ವೇಗಗಳು ಕೂಡಿದ ಸಾಪೇಕ್ಷ ವೇಗದಲ್ಲಿ, ಸೆಕೆಂಡಿಗೆ 40 ಮೀಟರ್‌ನಂತೆ, ಅದನ್ನು ದಾಟುತ್ತದೆ. ಉದ್ದಗಳ ಮೊತ್ತ 1200 ಮೀಟರ್, ಸಮಯ 30 ಸೆಕೆಂಡು. ಇವೇ ಎರಡು ರೈಲುಗಳು ಅಕ್ಕಪಕ್ಕದ ಹಳಿಗಳಲ್ಲಿ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಸಾಪೇಕ್ಷ ವೇಗ 10 ಮೀಟರ್‌ಗೆ ಇಳಿದು, ಹಿಂದಿಕ್ಕಲು 120 ಸೆಕೆಂಡು ಬೇಕಾಗುತ್ತದೆ. ದಿಕ್ಕು ಬದಲಾದಾಗ ಬದಲಾಗುವುದು ವೇಗವೇ ಹೊರತು ಉದ್ದವಲ್ಲ. ವೇಗವನ್ನು ಕಳೆಯಬೇಕಾದಲ್ಲಿ ಉದ್ದವನ್ನೂ ಕಳೆಯುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರಿಗೆ ನೆಲದ ಮೇಲಿನ ತಾಳೆ ನೋಡಿಸುತ್ತೇನೆ: 120 ಸೆಕೆಂಡಿನಲ್ಲಿ ಎಕ್ಸ್‌ಪ್ರೆಸ್ 3000 ಮೀಟರ್, ಗೂಡ್ಸ್ 1800 ಮೀಟರ್ ಹೋಗಿರುತ್ತವೆ, ವ್ಯತ್ಯಾಸ ಸರಿಯಾಗಿ 1200. ಈ ತಾಳೆ ಕೂಡಿಬರದಿದ್ದರೆ ಉತ್ತರ ತಪ್ಪೆಂದೇ ಅರ್ಥ.

ಪ್ರಶ್ನೆಯಲ್ಲಿ ‘ಎಕ್ಸ್‌ಪ್ರೆಸ್‌ನಲ್ಲಿ ಕುಳಿತ ಪ್ರಯಾಣಿಕನನ್ನು’ ಎಂಬ ಮಾತು ಬಂದರೆ ಹೆಚ್ಚು ಎಚ್ಚರ ಬೇಕು. ಪ್ರಯಾಣಿಕ ಒಂದು ಚುಕ್ಕೆಯಷ್ಟೇ ಆದ್ದರಿಂದ ಅವನು ಕುಳಿತ ರೈಲಿನ ಉದ್ದ ಲೆಕ್ಕಕ್ಕೆ ಬರುವುದಿಲ್ಲ. ಎದುರಿನ ಗೂಡ್ಸ್ ಅವನ ಕಿಟಕಿಯನ್ನು 650ನ್ನು 40ರಿಂದ ಭಾಗಿಸಿದಷ್ಟು, ಅಂದರೆ 16.25 ಸೆಕೆಂಡಿನಲ್ಲಿ ದಾಟಿಬಿಡುತ್ತದೆ.

ಬೆಂಗಳೂರು–ಮೈಸೂರು ಜೋಡಿ ಹಳಿಯಲ್ಲಿ ಪ್ರಯಾಣಿಸುವಾಗ ಇದನ್ನು ನಾನೇ ಅಳೆದು ನೋಡುತ್ತೇನೆ. ಎದುರು ರೈಲಿನ ಎಂಜಿನ್ ಹೋದ ಮೇಲೆ, ಮೊದಲ ಬೋಗಿಯ ಮುಂತುದಿ ನನ್ನ ಕಿಟಕಿಯ ಅಂಚಿಗೆ ಬಂದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಕೊನೆಯ ಬೋಗಿ ಅದೇ ಅಂಚನ್ನು ಬಿಟ್ಟಾಗ ನಿಲ್ಲಿಸುತ್ತೇನೆ. ಬೋಗಿಗಳನ್ನು ಎಣಿಸುವ ಕೆಲಸ ಪಕ್ಕದಲ್ಲಿದ್ದವರದು, ಏಕೆಂದರೆ ಒಬ್ಬರೇ ಎರಡನ್ನೂ ಮಾಡಹೋದರೆ ಎರಡೂ ಕೆಡುತ್ತವೆ. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಯಾದರೆ ಜೋಡಣೆ ಸೇರಿ ಸುಮಾರು 24 ಮೀಟರ್, ಹಳೆಯ ಐಸಿಎಫ್ ಬೋಗಿಯಾದರೆ 22 ಮೀಟರ್‌ಗಿಂತ ತುಸು ಹೆಚ್ಚು. 22 ಎಲ್‌ಎಚ್‌ಬಿ ಬೋಗಿಗಳು 12 ಸೆಕೆಂಡಿನಲ್ಲಿ ಹಾದುಹೋದವು ಎಂದಾದರೆ, 528 ಮೀಟರ್‌ಗೆ ಸಾಪೇಕ್ಷ ವೇಗ ಸೆಕೆಂಡಿಗೆ 44 ಮೀಟರ್, ಅಂದರೆ ಗಂಟೆಗೆ 158.4 ಕಿಲೋಮೀಟರ್. ಫೋನಿನ ಜಿಪಿಎಸ್ ನಮ್ಮ ರೈಲಿನ ವೇಗ 90 ಎಂದು ತೋರಿಸುತ್ತಿದ್ದರೆ ಎದುರಿನದರ ವೇಗ ಸುಮಾರು 68.

ಆದರೆ ಈ 68ನ್ನು ಬಹಳ ನಂಬಬಾರದು. ಬೆರಳು ಅರ್ಧ ಸೆಕೆಂಡು ತಡವಾಗಿ 12.5 ಎಂದು ದಾಖಲಾದರೆ ಉತ್ತರ 62ಕ್ಕೆ ಇಳಿಯುತ್ತದೆ, ಅರ್ಧ ಸೆಕೆಂಡು ಮುಂಚಿತವಾದರೆ 75ಕ್ಕೆ ಏರುತ್ತದೆ. ಯಾವುದಾದರೊಂದು ರೈಲು ಆ ನಡುವೆ ಬ್ರೇಕ್ ಹಾಕುತ್ತಿದ್ದರೆ ಸಿಗುವುದು ಸರಾಸರಿ ವೇಗ ಮಾತ್ರ. ಆದ್ದರಿಂದ ನಿಲ್ದಾಣದ ಸಮೀಪದ ಅಳತೆಗಳನ್ನು ಬಿಟ್ಟು, ಎರಡೂ ರೈಲುಗಳು ತಂತಮ್ಮ ವೇಗ ಬದಲಿಸದೆ ಓಡುವ ನೇರ ಹಳಿಯ ಮೇಲಿನವನ್ನಷ್ಟೇ ತರಗತಿಗೆ ಒಯ್ಯುತ್ತೇನೆ.